ಹೊಲಿಗೆ ಹಾಕದೆ ಬಿಟ್ಟ ಗಾಯ

ನಾಯಿ ಕಚ್ಚಿದವರನ್ನು ಆಸ್ಪತ್ರೆಗೆ ಕರೆತಂದ ಮನೆಯವರಿಗೆ ಮೊದಲು ಕಾಡುವುದು ರೇಬಿಸ್ ಅಲ್ಲ, ಕಣ್ಣಿಗೆ ಕಾಣುವ ಗಾಯ. "ಇಷ್ಟ ಹರದೈತಲ್ರೀ, ಹೊಲಿಗಿ ಹಾಕೂದಿಲ್ಲೇನ್ರೀ?" ಎನ್ನುವುದು ಅವರ ಪ್ರಶ್ನೆ. ಅದು ಸಹಜವೇ. ಬೈಲಹೊಂಗಲದ ಕಡೆ ಕಬ್ಬು ಕಡಿಯುವಾಗ ಕೋಯ್ತಾ ತಾಗಿ ಮೀನಖಂಡ ಸೀಳಿದರೆ ವೈದ್ಯರು ಕೂಡಲೇ ತೊಳೆದು ಹೊಲಿದು ಕಳಿಸುತ್ತಾರೆ. ಅದೇ ಕಾಲು, ಅದೇ ವೈದ್ಯರು, ಅಷ್ಟೇ ಉದ್ದದ ಗಾಯ. ಆದರೆ ಸೀಳಿದ್ದು ನಾಯಿಯ ಹಲ್ಲಾದರೆ ಗಾಯವನ್ನು ಬಾಯಿ ತೆರೆದಂತೆಯೇ ಬಿಟ್ಟು, ಮೇಲೊಂದು ಸಡಿಲ ಪಟ್ಟಿ ಸುತ್ತುತ್ತಾರೆ. ಸರಿಯಾಗಿ ನೋಡಲೇ ಇಲ್ಲ ಎಂದು ಸಿಟ್ಟಾಗಿ ಖಾಸಗಿ ದವಾಖಾನೆಗೆ ಹೋಗಿ ಹೊಲಿಗೆ ಹಾಕಿಸಿಕೊಳ್ಳುವವರೂ ಇದ್ದಾರೆ. ಹೊಲಿಯದೆ ಬಿಟ್ಟದ್ದೇ ಆ ವೈದ್ಯರು ಮಾಡಿದ ಚಿಕಿತ್ಸೆ ಎಂದು ಅವರಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ.

ಕೋಯ್ತಾದ ಗಾಯದಲ್ಲಿ ಇರುವುದು ಮಣ್ಣು. ನಾಯಿ ಕಚ್ಚಿದ ಗಾಯದಲ್ಲಿ ಇರುವುದು ಜೊಲ್ಲು. ನಾಯಿಗೆ ಹುಚ್ಚು ಹಿಡಿದಿದ್ದರೆ ಆ ಜೊಲ್ಲಿನಲ್ಲಿ ರೇಬಿಸ್ ವೈರಸ್ ಇರುತ್ತದೆ. ಅದು ರಕ್ತದಲ್ಲಿ ಹರಿದು ಹೋಗುವುದಿಲ್ಲ, ಹಾಗಾಗಿ ರಕ್ತ ಪರೀಕ್ಷೆ ಮಾಡಿಸಿ ನಿಶ್ಚಿಂತರಾಗಲು ಬರುವುದಿಲ್ಲ. ಕಚ್ಚಿದ ಜಾಗದ ಮಾಂಸದಲ್ಲಿ ಸ್ವಲ್ಪ ಕಾಲ ಉಳಿದು, ಅಲ್ಲಿನ ನರದ ತುದಿಯನ್ನು ಹಿಡಿದು, ಆ ನರದೊಳಗೇ ನಿಧಾನಕ್ಕೆ ಬೆನ್ನುಹುರಿಗೆ, ಅಲ್ಲಿಂದ ಮಿದುಳಿಗೆ ಏರುತ್ತದೆ. ಈ ಪಯಣಕ್ಕೆ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಹಿಡಿಯುತ್ತದೆ. ಮುಖ, ತಲೆ, ಕುತ್ತಿಗೆಗೆ ಕಚ್ಚಿದ್ದರೆ ದಾರಿ ಗಿಡ್ಡದು, ಕೆಲವೇ ವಾರ ಸಾಕು. ವರ್ಷ ದಾಟಿ ಕಾಣಿಸಿಕೊಂಡದ್ದೂ ಉಂಟು. ಮಿದುಳು ತಲುಪಿ, ನೀರು ಕಂಡರೆ ಗಂಟಲು ಬಿಗಿಯುವ ಹಂತ ಬಂದ ಮೇಲೆ ಬದುಕಿದವರು ಜಗತ್ತಿನಲ್ಲೇ ಬೆರಳೆಣಿಕೆಯಷ್ಟು. ಆದ್ದರಿಂದ ಚಿಕಿತ್ಸೆಯೆಲ್ಲ ನಡೆಯಬೇಕಾದದ್ದು ವೈರಸ್ ಇನ್ನೂ ಗಾಯದಲ್ಲಿರುವಾಗಲೇ. ಹೊಲಿಗೆಯ ಸೂಜಿ ಆ ಜೊಲ್ಲನ್ನು ಮೇಲಿನಿಂದ ಆಳಕ್ಕೆ ಎಳೆದೊಯ್ಯುತ್ತದೆ, ಅದು ತೂರಿದಲ್ಲೆಲ್ಲ ಹೊಸ ನರದ ತುದಿಗಳು ತೆರೆದುಕೊಳ್ಳುತ್ತವೆ. ಸಾಲದ್ದಕ್ಕೆ ನಾಯಿಯ ಬಾಯಿಯ ಬ್ಯಾಕ್ಟೀರಿಯಾಗಳನ್ನು ಗಾಳಿಯಾಡದ ಚೀಲದೊಳಗೆ ಕಟ್ಟಿಟ್ಟಂತಾಗಿ ಕೀವು ತುಂಬುತ್ತದೆ.

ಒಂದು ಉದಾಹರಣೆ ಕಟ್ಟಿಕೊಂಡು ನೋಡೋಣ. ರಾಮದುರ್ಗ ತಾಲ್ಲೂಕಿನ ಒಂದು ನೇಕಾರರ ಓಣಿ, ಎಂಟು ವರ್ಷದ ಹುಡುಗ, ತೂಕ 20 ಕಿಲೋ. ಸಂಜೆ ಕಿರಾಣಿ ಅಂಗಡಿಗೆ ಹೋದವನ ಬಲಗಾಲಿಗೆ ಬೀದಿನಾಯಿ ಬಾಯಿ ಹಾಕಿದೆ. ಮೀನಖಂಡದಲ್ಲಿ ನಾಲ್ಕು ಸೆಂಟಿಮೀಟರು ಹರಿದಿದೆ, ಪಕ್ಕದಲ್ಲಿ ಹಲ್ಲಿನ ಎರಡು ತೂತು. ಬಿಡಿಸಿಕೊಳ್ಳಲು ನಾಯಿಯ ಮುಸುಡಿಯನ್ನು ತಳ್ಳಿದ್ದರಿಂದ ಎಡಗೈ ತೋರುಬೆರಳಿನ ಮೇಲೆ ಸಣ್ಣದೊಂದು ಚುಚ್ಚು. ಬೆರಳಿನದನ್ನು ಹುಡುಗನೂ ಹೇಳಿಲ್ಲ, ತಾಯಿಯೂ ನೋಡಿಲ್ಲ. ರಕ್ತ ಸುರಿಯುತ್ತಿರುವುದು ಕಾಲಿನಿಂದ, ಎಲ್ಲರ ಕಣ್ಣೂ ಅಲ್ಲೇ ಇದೆ. ಆ ಬೆರಳನ್ನು ನೆನಪಿಟ್ಟುಕೊಳ್ಳಿ.

ಮೊದಲ ಕೆಲಸ ಮನೆಯ ನಳದ ಕೆಳಗೆ, ಆಸ್ಪತ್ರೆಗೆ ಹೊರಡುವ ಮುಂಚೆ. ರಕ್ತ ಚಿಮ್ಮುತ್ತಿದ್ದರೆ ಮಾತ್ರ ಮೊದಲು ಶುಭ್ರ ಬಟ್ಟೆ ಒತ್ತಿ ಹಿಡಿದು ನಿಲ್ಲಿಸಬೇಕು. ಸುಮ್ಮನೆ ಜಿನುಗುತ್ತಿದ್ದರೆ ಜಿನುಗಲಿ. ಹರಿಯುವ ನೀರು, ಸಾಬೂನು, 15 ನಿಮಿಷ, ಗಡಿಯಾರ ನೋಡಿಕೊಂಡು. ರೇಬಿಸ್ ವೈರಸ್‌ನ ಹೊರ ಪೊರೆ ಕೊಬ್ಬಿನಿಂದಾದದ್ದು. ಬೋಗಾಣಿಯ ಎಣ್ಣೆ ಜಿಡ್ಡನ್ನು ಸಾಬೂನು ಹೇಗೆ ಬಿಡಿಸುತ್ತದೋ ಹಾಗೇ ಈ ಪೊರೆಯನ್ನೂ ಕರಗಿಸುತ್ತದೆ, ಪೊರೆ ಹರಿದ ವೈರಸ್ ಸತ್ತಂತೆ. ಮೈ ಸಾಬೂನು ಇಲ್ಲದಿದ್ದರೆ ಬಟ್ಟೆ ಸಾಬೂನೂ ಆಗುತ್ತದೆ. ನಳದಲ್ಲಿ ನೀರು ಬರುವ ದಿನವಲ್ಲದಿದ್ದರೆ ಒಬ್ಬರು ಚರಗಿಯಿಂದ ಎಡೆಬಿಡದೆ ಸುರಿಯುತ್ತಿರಬೇಕು, ಇದಕ್ಕೆ ಎರಡು ಮೂರು ಕೊಡ ಬೇಕಾಗಬಹುದು. ಹರಿದ ಚರ್ಮದ ಅಂಚನ್ನು ಸ್ವಲ್ಪ ಬಿಡಿಸಿ ನೀರು ಒಳಗೆ ಹೋಗುವಂತೆ ಮಾಡಬೇಕು. ತಿಕ್ಕಬಾರದು, ಬ್ರಶ್ ಬೇಡ. ತೊಳೆಯುವವರು ತಮ್ಮ ಕೈಯನ್ನೂ ಸಾಬೂನಿನಿಂದ ತೊಳೆದುಕೊಳ್ಳಬೇಕು. ಆಮೇಲೆ ಮನೆಯಲ್ಲಿ ಪೊವಿಡೋನ್ ಅಯೋಡಿನ್ ಇದ್ದರೆ ಹಚ್ಚಬಹುದು.

ಹೇಳುವುದಕ್ಕೆ ಇಷ್ಟು ಸರಳವಾದದ್ದನ್ನೇ ಜನ ಅರ್ಧ ನಿಮಿಷಕ್ಕೆ ಮುಗಿಸಿ, ಅರಿಶಿಣ, ಸುಣ್ಣ, ಖಾರಪುಡಿ, ಕಾಫಿಪುಡಿ, ಸೀಮೆಎಣ್ಣೆಗಳಿಗೆ ಹೆಚ್ಚು ಶ್ರಮ ಹಾಕುತ್ತಾರೆ. ಖಾರಪುಡಿ ಉರಿದರೆ ವಿಷ ಸುಟ್ಟಿತು ಎಂಬ ನಂಬಿಕೆ. ಅದು ಸುಡುವುದು ಮಗುವಿನ ಮಾಂಸವನ್ನು. ಪುಡಿ ಗಾಯದ ಬಾಯಿಗೆ ಮೆತ್ತಿಕೊಂಡರೆ ಆಸ್ಪತ್ರೆಯಲ್ಲಿ ಅದನ್ನು ತೆಗೆಯುವುದೇ ಒಂದು ಕೆಲಸವಾಗುತ್ತದೆ. ತೊಳೆಯದೆ ಬಂದವರನ್ನು, ಕಚ್ಚಿ ಕೆಲ ಗಂಟೆಗಳಾಗಿದ್ದರೂ, ಆಸ್ಪತ್ರೆಯಲ್ಲಿ ಮೊದಲು ತೊಳೆಯಬೇಕು. ತಡವಾಯಿತೆಂದು ಬಿಡಬಾರದು.

ಇನ್ನು ಯಾವುದಕ್ಕೆ ಏನು. ವಿಶ್ವ ಆರೋಗ್ಯ ಸಂಸ್ಥೆ ಇಂಥ ಸಂಪರ್ಕಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸಿದೆ, ನಮ್ಮ ದೇಶದ ಮಾರ್ಗಸೂಚಿಯೂ ಅದನ್ನೇ ಅನುಸರಿಸುತ್ತದೆ. ನಾಯಿಯನ್ನು ಮುಟ್ಟಿದ್ದು, ಉಣಿಸಿದ್ದು, ಗಾಯವಿಲ್ಲದ ಚರ್ಮವನ್ನು ಅದು ನೆಕ್ಕಿದ್ದು ಮೊದಲ ದರ್ಜೆ. ತೊಳೆದುಕೊಂಡರೆ ಮುಗಿಯಿತು. ರಕ್ತ ಬಾರದಂತೆ ಪರಚಿದ್ದು, ಹಲ್ಲು ತಾಗಿ ಚರ್ಮ ತರಚಿದ್ದು ಎರಡನೆಯದು. ಇದಕ್ಕೆ ತೊಳೆಯುವುದರ ಜೊತೆ ಲಸಿಕೆ ಬೇಕು. ಚರ್ಮ ತೂತಾಗಿದ್ದರೆ, ಒಂದು ಹನಿಯಾದರೂ ರಕ್ತ ಕಂಡಿದ್ದರೆ, ಹಳೆಯ ಗಾಯವನ್ನೋ ತುಟಿ, ಕಣ್ಣುಗಳನ್ನೋ ನೆಕ್ಕಿದ್ದರೆ ಅದು ಮೂರನೆಯದು. ಅದಕ್ಕೆ ಲಸಿಕೆಯೂ ಬೇಕು, ಸೀರಮ್ಮೂ ಬೇಕು. ಗಾಯದ ಉದ್ದಗಲ ಈ ಲೆಕ್ಕಕ್ಕೆ ಬರುವುದೇ ಇಲ್ಲ. ನಮ್ಮ ಹುಡುಗನ ಸೀಳಿದ ಮೀನಖಂಡವೂ ಮೂರನೆಯ ದರ್ಜೆ, ಸೂಜಿಮೊನೆಯಷ್ಟು ಚುಚ್ಚಿದ ಬೆರಳೂ ಮೂರನೆಯ ದರ್ಜೆ. ನಿಜ ಹೇಳಬೇಕೆಂದರೆ ಬೆರಳೇ ಹೆಚ್ಚು ಭಯದ್ದು, ಬೆರಳ ತುದಿಯಲ್ಲಿ ನರಗಳು ದಟ್ಟವಾಗಿರುತ್ತವೆ.

ದನಕರು ಇರುವ ಮನೆಗಳಲ್ಲಿ ಇನ್ನೊಂದು ದಾರಿಯೂ ಇದೆ. ಹುಚ್ಚುನಾಯಿ ಕಚ್ಚಿದ ಎತ್ತೋ ಎಮ್ಮೆಯೋ ಕೆಲವು ವಾರಗಳ ನಂತರ ಮೇವು ಬಿಟ್ಟು, ಜೊಲ್ಲು ಸುರಿಸುತ್ತ, ನುಂಗಲಾರದೆ ಒದ್ದಾಡುತ್ತದೆ. ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಎಂದು ರೈತ ಬಾಯೊಳಗೆ ಮೊಣಕೈವರೆಗೆ ಕೈ ಹಾಕಿ ತಡಕಾಡುತ್ತಾನೆ. ಆ ಕೈಯಲ್ಲಿ ಬೆಳಿಗ್ಗೆ ಕಸ ಕಿತ್ತ ಗೀರುಗಳಿರುತ್ತವೆ. ಯಾರೂ ಕಚ್ಚಿಲ್ಲ, ಆದರೂ ಇದು ಮೂರನೆಯ ದರ್ಜೆಯೇ.

ಈಗ ಸೀರಮ್. ಲಸಿಕೆ ನಮ್ಮ ದೇಹಕ್ಕೆ ಪ್ರತಿಕಾಯ ತಯಾರಿಸಲು ಕಲಿಸುತ್ತದೆ, ಆ ಕಲಿಕೆಗೆ ಒಂದೆರಡು ವಾರ ಬೇಕು. ಅಷ್ಟರಲ್ಲಿ ವೈರಸ್ ನರ ಹಿಡಿದುಬಿಟ್ಟರೆ? ಆ ನಡುವಿನ ದಿನಗಳಿಗಾಗಿ ಬೇರೆಡೆ ತಯಾರಾದ ಪ್ರತಿಕಾಯವನ್ನೇ ನೇರ ತಂದು ಗಾಯದಲ್ಲಿ ತುಂಬುತ್ತಾರೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಸಿಗುವುದು ಕುದುರೆಯ ರಕ್ತದಿಂದ ತೆಗೆದದ್ದು. ಮನುಷ್ಯರ ರಕ್ತದಿಂದ ತೆಗೆದದ್ದೂ, ಪ್ರಯೋಗಾಲಯದಲ್ಲಿ ಬೆಳೆಸಿದ ಮಾನೋಕ್ಲೋನಲ್ ಪ್ರತಿಕಾಯಗಳೂ ಇವೆ, ಅವುಗಳ ಅಳತೆ ಬೇರೆ. ಕುದುರೆ ಸೀರಮ್ಮಿನ ಮಿತಿ ಕಿಲೋ ತೂಕಕ್ಕೆ 40 ಯೂನಿಟ್. ನಮ್ಮ ಹುಡುಗನ 20 ಕಿಲೋಗೆ 800 ಯೂನಿಟ್. ಸಾಮಾನ್ಯವಾಗಿ ಬರುವ 5 ಮಿ.ಲೀ. ಬಾಟಲಿಯಲ್ಲಿ 1500 ಯೂನಿಟ್ ಇರುತ್ತದೆ, ಅಂದರೆ ಅವನ ಪಾಲಿಗೆ ಸುಮಾರು 2.7 ಮಿ.ಲೀ. ಇದಕ್ಕಿಂತ ಹೆಚ್ಚು ಕೊಡುವಂತಿಲ್ಲ, ಹೆಚ್ಚಾದರೆ ಲಸಿಕೆಯ ಕೆಲಸಕ್ಕೇ ಅಡ್ಡಿಯಾಗುತ್ತದೆ.

ಈ 2.7 ಮಿ.ಲೀ. ಎಲ್ಲಿಗೆ ಹೋಗಬೇಕು ಎಂಬುದರಲ್ಲಿ ಚಿಕಿತ್ಸೆಯ ಸೋಲು ಗೆಲುವು ಇದೆ. ಹಿಂದೆ ಗಾಯಕ್ಕೆ ಸ್ವಲ್ಪ ಕೊಟ್ಟು ಉಳಿದದ್ದನ್ನು ಬೇರೆಡೆಯ ಸ್ನಾಯುವಿಗೆ ಚುಚ್ಚುತ್ತಿದ್ದರು. ಶಿಮ್ಲಾದ ವೈದ್ಯ ಒಮೇಶ್ ಭಾರತಿ ಸೀರಮ್ ಕೊರತೆಯ ದಿನಗಳಲ್ಲಿ ಅದನ್ನು ಗಾಯದೊಳಗೆ ಮತ್ತು ಗಾಯದ ಸುತ್ತ ಮಾತ್ರ ಕೊಟ್ಟು, ಉಳಿದದ್ದನ್ನು ಮುಂದಿನ ರೋಗಿಗೆ ಬಳಸಿದರು, ರೋಗಿಗಳು ಸುರಕ್ಷಿತವಾಗಿದ್ದರು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಸಲಹೆಯನ್ನು ಈ ದಿಕ್ಕಿಗೇ ಬದಲಿಸಿತು, 2019ರಲ್ಲಿ ಅವರಿಗೆ ಪದ್ಮಶ್ರೀ ಬಂತು. ವೈರಸ್ ಇರುವುದು ಗಾಯದಲ್ಲಿ, ಪ್ರತಿಕಾಯವೂ ಅಲ್ಲೇ ಇರಬೇಕು ಎಂಬುದು ಕೇಳಿದ ಮೇಲೆ ಎಷ್ಟು ಸಾಮಾನ್ಯ ತಿಳಿವಳಿಕೆ ಅನಿಸುತ್ತದೆ!

ಹಾಗಾಗಿ ಡ್ರೆಸ್ಸಿಂಗ್ ಕೋಣೆಯಲ್ಲಿ ಮಗುವಿನ ಬಟ್ಟೆ ಬಿಚ್ಚಿಸಿ ನೆತ್ತಿಯಿಂದ ಅಂಗಾಲಿನವರೆಗೆ, ಕೂದಲೊಳಗೆ, ಬೆರಳ ಸಂದಿಗಳಲ್ಲಿ ಹುಡುಕಬೇಕು. ಹುಡುಕಿದಾಗ ಆ ತೋರುಬೆರಳು ಸಿಗುತ್ತದೆ. ಬೆರಳಲ್ಲಿ ಜಾಗ ಕಡಿಮೆ, ಒತ್ತಡ ಹೆಚ್ಚಾದರೆ ರಕ್ತ ಸಂಚಾರವೇ ನಿಂತೀತು, ಆದ್ದರಿಂದ ಅಲ್ಲಿಗೆ ಹಿಡಿಸುವಷ್ಟು ಮಾತ್ರ, ನಿಧಾನಕ್ಕೆ. ಉಳಿದದ್ದು ಮೀನಖಂಡದ ಸೀಳಿನ ಅಂಚು, ತಳ ಮತ್ತು ಹಲ್ಲಿನ ಎರಡೂ ತೂತುಗಳಿಗೆ. ಗಾಯಗಳು ಹೆಚ್ಚಿದ್ದು ಸೀರಮ್ ಸಾಲದಿದ್ದರೆ ಸಲೈನ್ ಬೆರೆಸಿ ಹೆಚ್ಚಿಸಿಕೊಳ್ಳಬಹುದು, ಒಂದು ಗಾಯವನ್ನೂ ಬಿಡಬಾರದು. ಹಸಿ ಗಾಯಕ್ಕೆ ಸೂಜಿ ಚುಚ್ಚಿದರೆ ಮಗು ಕಿರುಚದೆ ಇರುತ್ತದೆಯೇ? ಅದನ್ನು ನೋಡಲಾಗದೆ "ಸಾಕು ಬಿಡ್ರೀ, ಕುಂಡಿಗೆ ಮಾಡ್ರೀ" ಎಂದು ಹೇಳುವ ಅಜ್ಜಿಯಂದಿರ ಕರುಳು ಅರ್ಥವಾಗುತ್ತದೆ. ಆದರೆ ಅಲ್ಲಿ ಕೊಟ್ಟರೆ ಪ್ರತಿಕಾಯ ಬೆರಳಿಗೆ ಬೇಕಾದಷ್ಟು ತಲುಪುವುದಿಲ್ಲ. ಕುದುರೆಯ ಸೀರಮ್ ಕೆಲವರಿಗೆ ಅಲರ್ಜಿ ಮಾಡಬಹುದಾದ್ದರಿಂದ ತುರ್ತು ಔಷಧ ಪಕ್ಕದಲ್ಲಿಟ್ಟುಕೊಂಡು, ಕೊಟ್ಟ ಮೇಲೆ ಸ್ವಲ್ಪ ಹೊತ್ತು ಕೂರಿಸಿ ಕಳಿಸುತ್ತಾರೆ.

ಇದೆಲ್ಲ ಎಲ್ಲಿ ಸಿಗುತ್ತದೆ? ಲಸಿಕೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಸಿಗಬೇಕಾದದ್ದು. ಸೀರಮ್ಮಿಗೆ ಸಾಮಾನ್ಯವಾಗಿ ದೊಡ್ಡ ಆಸ್ಪತ್ರೆಗೇ ಹೋಗಬೇಕು. ಕಿತ್ತೂರಿನವರಿಗೆ ಹೆದ್ದಾರಿ ಇದೆ, ಈ ಕಡೆ ಬೆಳಗಾವಿ, ಆ ಕಡೆ ಧಾರವಾಡ, ಎರಡೂ ಹತ್ತಿರವೇ. ರಾಮದುರ್ಗದ ಹಳ್ಳಿಯಿಂದ ಬೆಳಗಾವಿಯ ಬಿಮ್ಸ್ ಆಸ್ಪತ್ರೆಗೆ ಸುಮಾರು ನೂರು ಕಿಲೋಮೀಟರಿನ ದಾರಿ, ರಾತ್ರಿ ಬಸ್ಸಿನ ಮಾತು ಬೇರೆ. ಆದ್ದರಿಂದ ಕ್ರಮ ಹೀಗಿರಲಿ: ಮೊದಲು ತೊಳೆದು, ಹತ್ತಿರದಲ್ಲೇ ಮೊದಲ ಲಸಿಕೆ ಹಾಕಿಸಿ, ಸೀರಮ್ ಎಲ್ಲಿದೆ ಎಂದು ಅಲ್ಲಿಂದಲೇ ಫೋನು ಮಾಡಿಸಿಕೊಂಡು ಹೊರಡುವುದು. ಸೀರಮ್ ಆದಷ್ಟು ಅದೇ ದಿನ ಬೀಳಬೇಕು. ಆಗದಿದ್ದರೆ ಮೊದಲ ಲಸಿಕೆಯ ದಿನದಿಂದ ಏಳು ದಿನದೊಳಗೆ. ಆಮೇಲೆ ಕೊಡುವುದಿಲ್ಲ, ಅಷ್ಟು ಹೊತ್ತಿಗೆ ದೇಹವೇ ತನ್ನ ಪ್ರತಿಕಾಯ ತಯಾರಿಸತೊಡಗಿರುತ್ತದೆ. ಕಚ್ಚಿ ಹತ್ತು ದಿನ, ತಿಂಗಳಾಯಿತು, ಇನ್ನೇನು ಪ್ರಯೋಜನ ಎಂದು ಕೂತವರಿಗೂ ಒಂದು ಮಾತು: ಏಳು ದಿನದ ಲೆಕ್ಕ ಲಸಿಕೆಯಿಂದ ಶುರುವಾಗುವುದು, ಕಚ್ಚಿದ ದಿನದಿಂದಲ್ಲ. ಲಕ್ಷಣಗಳಿಲ್ಲದಿದ್ದರೆ ಯಾವತ್ತು ಬಂದರೂ ಚಿಕಿತ್ಸೆ ಆರಂಭಿಸುತ್ತಾರೆ.

ಹಾಗಾದರೆ ಹೊಲಿಗೆ ಯಾವಾಗಲೂ ನಿಷಿದ್ಧವೇ? ಇಲ್ಲ. ರಕ್ತ ನಿಲ್ಲುತ್ತಿಲ್ಲ, ಕೆನ್ನೆ ಸೀಳಿ ಹಲ್ಲು ಕಾಣುತ್ತಿದೆ, ಕಣ್ಣಿನ ರೆಪ್ಪೆ ಜೋತುಬಿದ್ದಿದೆ ಎಂಬಂಥ ಗಾಯಗಳನ್ನು ಹಾಗೇ ಬಿಡಲಾಗದು. ಆಗಲೂ ಸರದಿ ತಪ್ಪುವಂತಿಲ್ಲ. ಮೊದಲು ತೊಳೆಯುವುದು, ಆಮೇಲೆ ಗಾಯದ ತುಂಬ ಸೀರಮ್, ಅದು ಮಾಂಸದಲ್ಲಿ ಹರಡಲು ಸಾಧ್ಯವಾದರೆ ಕೆಲವು ಗಂಟೆಗಳ ಬಿಡುವು, ಕೊನೆಗೆ ಅಂಚುಗಳನ್ನು ಹತ್ತಿರ ತರುವಷ್ಟು ಸಡಿಲವಾದ ಒಂದೆರಡು ಹೊಲಿಗೆ. ಸೀರಮ್ ಇಲ್ಲದ ಕಡೆ ಮೊದಲು ಹೊಲಿದು ಆಮೇಲೆ ಬೆಳಗಾವಿಗೆ ಕಳಿಸಿದರೆ, ಅಲ್ಲಿಯವರಿಗೆ ಗಾಯದ ತಳವೇ ಸಿಗುವುದಿಲ್ಲ. ರಕ್ತಸ್ರಾವವಿದ್ದರೆ ಬಿಗಿಯಾದ ಪಟ್ಟಿ ಒತ್ತಿ ಕಳಿಸುವುದು ಮೇಲು. ಕೈಯ ಗಾಯಗಳನ್ನು ಹೊಲಿಯಲು ಇನ್ನೂ ಹಿಂಜರಿಯುತ್ತಾರೆ, ಅಲ್ಲಿ ಸೋಂಕು ಬೇಗ ಸ್ನಾಯುರಜ್ಜು, ಕೀಲುಗಳಿಗೆ ಇಳಿಯುತ್ತದೆ.

ತಲೆ, ಮುಖದ ಗಾಯಗಳ ವಿಷಯದಲ್ಲಿ ಗಂಟೆಗಳೂ ಲೆಕ್ಕಕ್ಕೆ ಬರುತ್ತವೆ. 2025ರ ಏಪ್ರಿಲ್ ಕೊನೆಯಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ಪುಟ್ಟ ಹುಡುಗಿಯೊಬ್ಬಳು ಲಸಿಕೆ ಪಡೆದಿದ್ದೂ ರೇಬಿಸ್‌ನಿಂದ ತೀರಿಕೊಂಡಳು. ಬೀದಿನಾಯಿ ಅವಳ ತಲೆಗೆ ಕಚ್ಚಿತ್ತು. ಲಸಿಕೆಯೇ ಸುಳ್ಳು ಎಂದು ಆಗ ಜನ ಮಾತಾಡಿಕೊಂಡರು. ತಲೆಗೆ ಆಳವಾಗಿ ಕಚ್ಚಿದಾಗ ಮಿದುಳಿಗೆ ದಾರಿ ಎಷ್ಟು ಹತ್ತಿರವೆಂದರೆ, ಲಸಿಕೆ ದೇಹಕ್ಕೆ ಪಾಠ ಕಲಿಸುವ ಮೊದಲೇ ವೈರಸ್ ಮನೆ ಸೇರಿರಬಹುದು. ಮಕ್ಕಳ ಮುಖ ನಾಯಿಯ ಬಾಯಿಯ ಮಟ್ಟದಲ್ಲೇ ಇರುತ್ತದೆ ಎಂಬುದು ಇನ್ನೊಂದು ಸಂಕಟ.

ಬಿಟ್ಟ ಗಾಯ ಮುಂದೆ ಏನಾಗುತ್ತದೆ? ತಳದಿಂದ ಮಾಂಸ ಬೆಳೆದುಕೊಂಡು ಮೇಲೇರುತ್ತದೆ, ಕಲೆ ಹೊಲಿಗೆಯದಕ್ಕಿಂತ ಅಗಲವಾಗಿ ಉಳಿಯುತ್ತದೆ. ಕೆಲ ದಿನಗಳ ನಂತರ ಗಾಯ ಶುಭ್ರವಾಗಿದ್ದರೆ ಆಗ ಹೊಲಿಯುವ ದಾರಿಯೂ ಇದೆ. ಧನುರ್ವಾಯು ಚುಚ್ಚುಮದ್ದು ಈ ಹಿಂದೆ ಯಾವಾಗ ಆಗಿತ್ತು ಎಂದು ನೋಡಿ ಅದನ್ನೂ ಕೊಡುತ್ತಾರೆ. ಆಳದ ಗಾಯ, ಕೈಯ ಗಾಯ, ಸಕ್ಕರೆ ಕಾಯಿಲೆಯವರಿಗೆ ಆಂಟಿಬಯೋಟಿಕ್ ಮಾತ್ರೆಯೂ ಬೇಕಾಗುತ್ತದೆ. ಮರುದಿನವೇ ಗಾಯದ ಸುತ್ತ ಕೆಂಪು ಹರಡುತ್ತಿದ್ದರೆ, ಬಿಸಿಯಾಗಿ ಊದಿ ಮಿಡಿಯುತ್ತಿದ್ದರೆ, ಬೆರಳು ಮಡಚಲು ಬರದಿದ್ದರೆ ಮುಂದಿನ ಲಸಿಕೆಯ ದಿನಕ್ಕೆ ಕಾಯದೆ ಹೋಗಬೇಕು. ಇದು ರೇಬಿಸ್ ಅಲ್ಲ, ನಾಯಿಯ ಬಾಯಿಯ ಬ್ಯಾಕ್ಟೀರಿಯಾಗಳ ಕೆಲಸ, ಆದರೆ ಇದೂ ಬೆರಳು ಕಳೆಯಬಲ್ಲದು.

ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಎಂಬ ಭಯ ಹಳ್ಳಿಗಳಲ್ಲಿ ಇನ್ನೂ ಉಳಿದಿದೆ. ಅದು ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಹಳೆಯ ಲಸಿಕೆ, 2004ರ ಕೊನೆಗೆ ನಮ್ಮ ದೇಶದಲ್ಲಿ ಅದನ್ನು ನಿಲ್ಲಿಸಿಯಾಗಿದೆ. ಈಗ ಸರ್ಕಾರಿ ಆಸ್ಪತ್ರೆಗಳಲ್ಲಿ ಎರಡೂ ತೋಳುಗಳ ಚರ್ಮದ ಪದರದಲ್ಲೇ 0.1 ಮಿ.ಲೀ.ನಂತೆ ಕೊಡುತ್ತಾರೆ. ಸರಿಯಾಗಿ ಬಿದ್ದರೆ ಅಲ್ಲೊಂದು ಸಣ್ಣ ಗುಳ್ಳೆ ಏಳುತ್ತದೆ, ಕಿತ್ತಳೆ ಸಿಪ್ಪೆಯಂತೆ ಕಾಣುತ್ತದೆ. ಗುಳ್ಳೆ ಏಳದಿದ್ದರೆ ಅದು ಚರ್ಮದ ಕೆಳಗೆ ಹೋಗಿದೆ ಎಂದರ್ಥ, ಮತ್ತೆ ಕೊಡಬೇಕು. ಸರದಿ ನಾಲ್ಕು ದಿನ: ಮೊದಲ ಚುಚ್ಚಿನ ದಿನವನ್ನು ಸೊನ್ನೆ ಎಂದು ಹಿಡಿದು 0, 3, 7, 28. ಸ್ನಾಯುವಿಗೆ ಕೊಡುವ ಖಾಸಗಿ ಆಸ್ಪತ್ರೆಗಳಲ್ಲಿ 14ನೇ ದಿನವೂ ಸೇರಿ ಐದು. ಅದನ್ನೂ ತೋಳಿಗೇ ಕೊಡಬೇಕು, ಚಿಕ್ಕ ಮಕ್ಕಳಿಗೆ ತೊಡೆಗೆ, ಕುಂಡಿಗಂತೂ ಅಲ್ಲ. ನೆನಪಿಡಲು ಒಂದು ಸುಲಭ ಉಪಾಯವಿದೆ. ಮೊದಲ ಲಸಿಕೆ ನಿಮ್ಮೂರ ಸಂತೆಯ ದಿನ ಬಿದ್ದಿದ್ದರೆ ಏಳನೆಯದೂ ಇಪ್ಪತ್ತೆಂಟನೆಯದೂ ಸಂತೆಯ ದಿನವೇ ಬರುತ್ತವೆ. ಸಂತೆ ತಪ್ಪಿ ಬರುವುದು ಮೂರನೆಯ ದಿನ ಮಾತ್ರ. ಬನದ ಹುಣ್ಣಿಮೆಗೋ ಭಾರತ ಹುಣ್ಣಿಮೆಗೋ ಚಕ್ಕಡಿ ಕಟ್ಟಿಕೊಂಡು ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಬಂದವರನ್ನು ಅಲ್ಲಿ ನಾಯಿ ಕಚ್ಚಿದರೆ ಮೊದಲ ಚುಚ್ಚು ಸವದತ್ತಿಯಲ್ಲೇ ಆಗಲಿ, ಉಳಿದದ್ದು ತಮ್ಮ ಊರಲ್ಲಿ. ಊರಿಗೆ ಮರಳಿದ ಮೇಲೆ ನೋಡೋಣ ಎನ್ನುವುದು ಬೇಡ. ಗರ್ಭಿಣಿ, ಬಾಣಂತಿ, ಹಸುಗೂಸು ಯಾರಿಗೂ ಈ ಲಸಿಕೆಯಲ್ಲಿ ವಿನಾಯಿತಿ ಇಲ್ಲ.

ಇನ್ನು ಆ ನಾಯಿ. ಓಣಿಯ ಹುಡುಗರು ಕೂಡಲೇ ಕೋಲು ಹಿಡಿಯುತ್ತಾರೆ. ಕೊಂದರೆ ಮಾಹಿತಿ ಹೋಯಿತು. ನಾಯಿಯ ಜೊಲ್ಲಿನಲ್ಲಿ ವೈರಸ್ ಬರುವುದು ಅದಕ್ಕೆ ರೋಗ ಕಾಣಿಸುವ ಕೆಲವೇ ದಿನ ಮುಂಚೆ, ರೋಗ ಕಾಣಿಸಿದ ನಾಯಿ ದಿನಗಳಲ್ಲೇ ಸಾಯುತ್ತದೆ. ಹಾಗಾಗಿ ಕಚ್ಚಿದ ಹತ್ತು ದಿನದ ನಂತರವೂ ಅದು ಉಂಡು ತಿಂದು ಆರೋಗ್ಯವಾಗಿದ್ದರೆ, ಕಚ್ಚಿದ ದಿನ ಅದರ ಜೊಲ್ಲಿನಲ್ಲಿ ರೇಬಿಸ್ ಇರಲಿಲ್ಲ. ಆಗ ಉಳಿದ ಚುಚ್ಚು ಬೇಕೇ ಎಂಬುದನ್ನು ವೈದ್ಯರು ನಿರ್ಧರಿಸುತ್ತಾರೆ. ಹತ್ತು ದಿನ ನೋಡಿ ಆಮೇಲೆ ಲಸಿಕೆ ಶುರು ಮಾಡುವುದಲ್ಲ, ಲಸಿಕೆ ಶುರು ಮಾಡಿ ನಾಯಿಯನ್ನು ನೋಡುತ್ತಿರುವುದು. ಸಾಕಿದ ನಾಯಿಗೆ ಪ್ರತಿವರ್ಷ ಸೂಜಿ ಹಾಕಿಸಿದ ಚೀಟಿ ಇದ್ದರೂ, ಅದು ರಾಮದುರ್ಗದ ನೆರೆಯ ಮುಧೋಳದ ಹೆಸರುವಾಸಿ ತಳಿಯದೇ ಆಗಿದ್ದರೂ, ಕಚ್ಚಿಸಿಕೊಂಡವರ ಚಿಕಿತ್ಸೆ ಚೀಟಿ ನೋಡಿ ನಿಲ್ಲುವುದಿಲ್ಲ.

ನಮ್ಮ ಹುಡುಗನ ವಿಷಯದಲ್ಲಿ ನಾಯಿ ಬೀದಿಯದು, ಮೂರನೇ ದಿನದಿಂದ ಕಾಣಿಸುತ್ತಿಲ್ಲ. ಆದ್ದರಿಂದ ನಾಲ್ಕೂ ದಿನ ಪೂರ್ತಿ. ಇಪ್ಪತ್ತೆಂಟನೆಯ ದಿನ ಕಾಲಿನ ಸೀಳು ಗುಲಾಬಿ ಬಣ್ಣದ ಹೊಸ ಚರ್ಮ ಹೊದ್ದಿರುತ್ತದೆ, ಬೆರಳಿನ ಚುಚ್ಚು ಹುಡುಕಿದರೂ ಸಿಗುವುದಿಲ್ಲ. ಆಸ್ಪತ್ರೆಯವರು ನಾಲ್ಕು ತಾರೀಖು ಬರೆದು ಕೊಟ್ಟ ಕಾರ್ಡನ್ನು ರೇಷನ್ ಕಾರ್ಡಿನ ಜೊತೆ ಇಟ್ಟುಕೊಳ್ಳಬೇಕು. ಅವನಿಗೆ ಮುಂದೆ ಇನ್ನೊಂದು ನಾಯಿ ಕಚ್ಚಿದರೆ ಆ ಕಾರ್ಡು ತೋರಿಸಿದರೆ ಸಾಕು, ತೊಳೆದು ಎರಡೇ ದಿನದ ಲಸಿಕೆ, 0 ಮತ್ತು 3. ಗಾಯಕ್ಕೆ ಸೂಜಿ ಚುಚ್ಚುವ ಆ ಸೀರಮ್ ಅವನಿಗೆ ಮತ್ತೆ ಬೇಕಾಗುವುದಿಲ್ಲ.